ಮೂರು ವರ್ಷದ ಮಗುವಿಗೆ ‘ಮೂರು’ ಎಂದರೆ ಎಷ್ಟು: ಶಾಲಾಪೂರ್ವ ಶಿಕ್ಷಕಿಯರಿಗೆ ಆಟಗಳ ಮಾರ್ಗದರ್ಶಿ

ಅಂಗನವಾಡಿ ಕಾರ್ಯಕರ್ತೆಯರೂ ನರ್ಸರಿ ತರಗತಿಗಳ ಶಿಕ್ಷಕಿಯರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಮಗು ಒಂದರಿಂದ ಹತ್ತರವರೆಗೆ ಎಲ್ಲಿಯೂ ತಡವರಿಸದೆ ಹೇಳುತ್ತದೆ. ಆದರೆ ‘ಮೂರು ಚಮಚ ತಾ’ ಎಂದರೆ ಕೈಗೆ ಸಿಕ್ಕಷ್ಟನ್ನು ಬಾಚಿಕೊಂಡು ಬರುತ್ತದೆ. ಹಾಗಾದರೆ ಇಷ್ಟು ದಿನ ಹೇಳಿಕೊಟ್ಟದ್ದು ಏನಾಯಿತು?

ಹೇಳಿಕೊಟ್ಟದ್ದು ಎಲ್ಲಿಯೂ ಹೋಗಿಲ್ಲ. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಒಂದು ಕಲಿಕೆ. ಆ ಹೆಸರು ಇಂತಿಷ್ಟೇ ವಸ್ತುಗಳನ್ನು ಸೂಚಿಸುತ್ತದೆ ಎಂದು ತಿಳಿಯುವುದು ಬೇರೆಯೇ ಕಲಿಕೆ. ಈ ಎರಡನೆಯದನ್ನೇ ನಾವು ಸಂಖ್ಯಾಪ್ರಜ್ಞೆಯ ತಿರುಳು ಎನ್ನುತ್ತೇವೆ. ಎಣಿಕೆಯ ಹಿಂದೆ ಯಾವ ಯಾವ ತಿಳಿವಳಿಕೆಗಳಿವೆ ಎಂಬುದನ್ನು ಮನೋವಿಜ್ಞಾನಿಗಳಾದ ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟಲ್ ಅವರು 1978ರಲ್ಲಿ ಬಿಡಿಸಿ ತೋರಿಸಿದರು. ಅವುಗಳಲ್ಲಿ ಕೊನೆಯ ಪದದ ತತ್ವ ಎಂದು ಕರೆಯಬಹುದಾದದ್ದು, ಅಂದರೆ ಎಣಿಸುವಾಗ ಕೊನೆಯಲ್ಲಿ ಹೇಳಿದ ಪದವೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂಬುದು, ಮಕ್ಕಳಿಗೆ ಬಹಳ ತಡವಾಗಿ ದಕ್ಕುತ್ತದೆ. 1990ರ ದಶಕದ ಆರಂಭದಲ್ಲಿ ಕರೆನ್ ವಿನ್ ಅವರು ಮಕ್ಕಳಿಂದ ‘ಇಷ್ಟು ಕೊಡು’ ಎಂದು ಕೇಳಿ ಮಾಡಿದ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ಹೊರಗೆಡಹಿದವು: ಮಕ್ಕಳು ಮೊದಲು ‘ಒಂದು’ ಎಂಬುದರ ಅರ್ಥವನ್ನು ಮಾತ್ರ ಕಲಿಯುತ್ತಾರೆ, ಕೆಲವು ತಿಂಗಳ ನಂತರ ‘ಎರಡು’, ಮತ್ತೆ ಕೆಲವು ತಿಂಗಳ ನಂತರ ‘ಮೂರು’. ಅದಾದ ಮೇಲೆ ಎಣಿಕೆಯ ಗುಟ್ಟು ಒಟ್ಟಾಗಿ ಅರ್ಥವಾಗುತ್ತದೆ.

ಆದ್ದರಿಂದ ಮೂರು ವರ್ಷದ ಮಕ್ಕಳ ಜೊತೆ ಮಾಡಬೇಕಾದ ಕೆಲಸ ಹತ್ತರಿಂದ ಇಪ್ಪತ್ತಕ್ಕೆ ಹೋಗುವುದಲ್ಲ. ಪ್ರತಿ ಮಗು ಈಗ ಒಂದು, ಎರಡು, ಮೂರರಲ್ಲಿ ಎಲ್ಲಿದೆ ಎಂದು ಕಂಡುಕೊಂಡು, ಅದರ ಮುಂದಿನ ಒಂದೇ ಒಂದು ಸಂಖ್ಯೆಯನ್ನು ಆಟದಲ್ಲಿ ಗಟ್ಟಿ ಮಾಡುವುದು. ಈ ಲೇಖನ ಅಷ್ಟನ್ನೇ ವಿವರಿಸುತ್ತದೆ.

ಬೇಕಾಗುವ ಸಾಮಗ್ರಿ

ಒಂದು ಬಿದಿರಿನ ಬುಟ್ಟಿ, ನಾಲ್ಕೈದು ತಟ್ಟೆ, ಒಂದು ಬಟ್ಟೆಯ ಗೊಂಬೆ, ಒಂದು ಮೊರ, ಮುಚ್ಚಳವಿಲ್ಲದ ಒಂದು ತಗಡಿನ ಡಬ್ಬಿ. ಎಣಿಸುವುದಕ್ಕೆ ಒಂದೇ ಬಗೆಯ ಎಂಟು ವಸ್ತುಗಳಿರುವ ಮೂರು ನಾಲ್ಕು ಗುಂಪುಗಳು: ನಿಂಬೆಹಣ್ಣು, ಚಮಚ, ಬಟ್ಟೆ ಸುತ್ತಿ ಮಾಡಿದ ಚೆಂಡು, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಅಂಚು ನಯ ಮಾಡಿದ ಮರದ ತುಂಡು, ಇವುಗಳಲ್ಲಿ ಯಾವುದಾದರೂ ಆದೀತು.

ಹುಣಸೆಬೀಜ, ಗುಲಗಂಜಿ, ಕವಡೆ, ಗೋಲಿ, ಬಟಾಣಿ ಬೇಡ. ದೊಡ್ಡ ಮಕ್ಕಳ ಅಳಗುಳಿಮಣೆಯ ಕಾಯಿಗಳು ಕೈಗೆ ಹತ್ತಿರವೇ ಇರುವುದರಿಂದ ಅನೇಕರು ಅವನ್ನೇ ಬಳಸುತ್ತಾರೆ. ಆದರೆ ಈ ವಯಸ್ಸಿನ ಮಕ್ಕಳು ವಸ್ತುಗಳನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುತ್ತಾರೆ. ಗುಲಗಂಜಿಯಂತೂ ಜಗಿದರೆ ವಿಷ. ನಾಲ್ಕು ಸೆಂಟಿಮೀಟರಿಗಿಂತ ಕಿರಿದಾದ ಯಾವುದನ್ನೂ ಬಳಸದಿರುವುದು ಕ್ಷೇಮ. ಈ ಲೆಕ್ಕದಲ್ಲಿ ನೀರಿನ ಬಾಟಲಿಯ ಮುಚ್ಚಳವೂ ಹೊರಗೆ.

ಒಮ್ಮೆಗೆ ಮೂರು ಅಥವಾ ನಾಲ್ಕು ಮಕ್ಕಳು ಸಾಕು, ಸಮಯ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿರುವ ಅಂಗನವಾಡಿಗಳಲ್ಲಿ ಐದು ವರ್ಷದವರು ಉತ್ತರವನ್ನು ಕೂಗಿಬಿಡುತ್ತಾರೆ, ಚಿಕ್ಕವರು ಅದನ್ನೇ ಹಿಂಬಾಲಿಸುತ್ತಾರೆ. ಆ ಹತ್ತು ನಿಮಿಷ ದೊಡ್ಡವರನ್ನು ಸಹಾಯಕಿಯವರ ಜೊತೆ ಬೇರೆ ಆಟಕ್ಕೆ ಕಳುಹಿಸದಿದ್ದರೆ ಮುಂದಿನ ಯಾವ ಹಂತವೂ ನಿಮಗೆ ನಿಜವಾದ ಮಾಹಿತಿಯನ್ನು ಕೊಡುವುದಿಲ್ಲ.

ಹಂತ 1: ಮಗು ಯಾವ ಸಂಖ್ಯೆಯಲ್ಲಿದೆ ಎಂದು ತಿಳಿಯುವುದು

ಇದನ್ನು ಒಂದೊಂದು ಮಗುವಿನ ಜೊತೆ ಪ್ರತ್ಯೇಕವಾಗಿ ಆಡಬೇಕು. ಒಬ್ಬರಿಗೆ ಐದು ನಿಮಿಷ ಸಾಕು. ಬುಟ್ಟಿಯಲ್ಲಿ ಎಂಟು ನಿಂಬೆಹಣ್ಣು ಇಡಿ, ಗೊಂಬೆಯನ್ನು ಎದುರು ಕೂರಿಸಿ ಅದರ ಮುಂದೆ ಒಂದು ತಟ್ಟೆ ಇಡಿ. ‘ಪುಟ್ಟಾ, ಗೊಂಬೆಗೆ ಹಸಿವಾಗಿದೆಯಂತೆ. ಒಂದು ನಿಂಬೆಹಣ್ಣು ಕೊಡು’ ಎನ್ನಿ. ಕೊಟ್ಟ ಮೇಲೆ ಸರಿಯೆಂದಾಗಲಿ ತಪ್ಪೆಂದಾಗಲಿ ಹೇಳದೆ, ಗೊಂಬೆ ತಿಂದಂತೆ ಮಾಡಿಸಿ, ಹಣ್ಣನ್ನು ಬುಟ್ಟಿಗೆ ಹಾಕಿಬಿಡಿ. ಆಮೇಲೆ ಎರಡು ಕೇಳಿ, ಆಮೇಲೆ ಮೂರು. ಮಗು ಎಲ್ಲಿ ತಪ್ಪುತ್ತದೆಯೋ ಅಲ್ಲಿಂದ ಒಂದು ಕೆಳಗಿನ ಸಂಖ್ಯೆಯನ್ನು ಕೇಳಿ, ಮತ್ತೆ ಮೇಲಿನದನ್ನು ಕೇಳಿ. ಒಂದು ಸಂಖ್ಯೆಯನ್ನು ಮೂರು ಸಲ ಕೇಳಿದಾಗ ಎರಡು ಸಲವಾದರೂ ಸರಿಯಾಗಿ ಕೊಟ್ಟರೆ ಆ ಸಂಖ್ಯೆ ಮಗುವಿಗೆ ತಿಳಿದಿದೆ ಎಂದು ಬರೆದುಕೊಳ್ಳಬಹುದು, ಆದರೆ ಅದಕ್ಕೊಂದು ಷರತ್ತಿದೆ.

ಆ ಷರತ್ತು ಸ್ಪಷ್ಟವಾಗಲು ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳೋಣ. ಮೊದಲನೆಯವಳು ಮೂರು ವರ್ಷ ನಾಲ್ಕು ತಿಂಗಳಿನ ಹುಡುಗಿ. ಒಂದು ಕೇಳಿದರೆ ಒಂದು ಕೊಟ್ಟಳು, ಎರಡು ಕೇಳಿದರೆ ಎರಡು. ಮೂರು ಕೇಳಿದಾಗ ಎರಡೂ ಕೈಯಿಂದ ಬಾಚಿ ಐದು ಹಣ್ಣು ಇಟ್ಟಳು. ಮತ್ತೆ ಎರಡು ಕೇಳಿದರೆ ಎರಡೇ ಕೊಟ್ಟಳು. ಮತ್ತೆ ಮೂರು ಕೇಳಿದರೆ ಈ ಸಲ ನಾಲ್ಕು. ಇವಳಿಗೆ ಎರಡು ತಿಳಿದಿದೆ, ಮೂರು ತಿಳಿದಿಲ್ಲ. ಎರಡನೆಯವನು ಅದೇ ವಯಸ್ಸಿನ ಹುಡುಗ. ಒಂದಕ್ಕೆ ಒಂದು ಕೊಟ್ಟ, ಎರಡಕ್ಕೆ ಎರಡು ಕೊಟ್ಟ. ಆದರೆ ಮೂರು ಕೇಳಿದರೂ ಎರಡು, ನಾಲ್ಕು ಕೇಳಿದರೂ ಎರಡು. ಮೇಲುನೋಟಕ್ಕೆ ಇವನಿಗೂ ಎರಡು ಗೊತ್ತಿದೆ ಎನಿಸುತ್ತದೆ. ಆದರೆ ಇವನ ಪಾಲಿಗೆ ‘ಎರಡು’, ‘ಮೂರು’, ‘ನಾಲ್ಕು’ ಎಲ್ಲವೂ ಒಂದಕ್ಕಿಂತ ಹೆಚ್ಚು ಎಂಬ ಒಂದೇ ಅರ್ಥದವು. ಎರಡು ಕೈಗೆ ಎರಡು ಹಣ್ಣು ಸಿಗುತ್ತದೆ, ಅಷ್ಟನ್ನು ಕೊಡುತ್ತಾನೆ. ಇವನು ಇನ್ನೂ ‘ಒಂದು’ ಮಾತ್ರ ತಿಳಿದವನು. ಬೇರೆ ಸಂಖ್ಯೆ ಕೇಳಿದಾಗ ಅದೇ ಪ್ರಮಾಣವನ್ನು ಕೊಡಬಾರದು ಎಂಬುದೇ ಆ ಷರತ್ತು.

ಇಲ್ಲಿ ಮೋಸ ಹೋಗುವುದು ಸುಲಭ. ಮಕ್ಕಳು ಹಣ್ಣಿಗಿಂತ ನಿಮ್ಮ ಮುಖವನ್ನು ಹೆಚ್ಚು ನೋಡುತ್ತಾರೆ. ಎರಡನೆಯ ಹಣ್ಣು ತಟ್ಟೆಗೆ ಬೀಳುತ್ತಲೇ ನೀವು ನಸುನಕ್ಕರೆ ಅಥವಾ ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ ಮಗು ಅಲ್ಲಿಗೇ ನಿಲ್ಲಿಸುತ್ತದೆ, ನೀವು ಅದನ್ನು ತಿಳಿವಳಿಕೆ ಎಂದು ಬರೆದುಕೊಳ್ಳುತ್ತೀರಿ. ಕಣ್ಣನ್ನು ಗೊಂಬೆಯ ಮೇಲೆ ಇಡಿ, ‘ಆಯಿತೇ?’ ಎಂಬುದನ್ನು ಮಗು ತಾನಾಗಿ ಕೈ ನಿಲ್ಲಿಸಿದ ಮೇಲೆ ಮಾತ್ರ ಕೇಳಿ.

ಮನೆಯಲ್ಲಿ ಉರ್ದು, ತುಳು, ಕೊಂಕಣಿ ಅಥವಾ ಲಂಬಾಣಿ ಆಡುವ ಮಗುವಾದರೆ ಅದೇ ಆಟವನ್ನು ಮನೆಮಾತಿನ ಸಂಖ್ಯೆಗಳಲ್ಲಿಯೂ ಆಡಿಸಿ ನೋಡಬೇಕು. ಕನ್ನಡದ ‘ಎರಡು’ ಗೊತ್ತಿಲ್ಲದ ಮಗು ‘ದೋ’ ಎಂದರೆ ತಕ್ಷಣ ಎರಡು ಕೊಡಬಹುದು. ಅಂಥ ಮಗುವಿಗೆ ಕೊರತೆಯಿರುವುದು ಪದದ್ದು ಮಾತ್ರ. ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ 0, 1, 2, 3 ಎಂದು ಒಂದೇ ಅಂಕಿ ಬರೆದು ದಿನಾಂಕ ಹಾಕಿ. ಒಂದನ್ನೂ ತಪ್ಪುವ ಮಗುವಿಗೆ 0.

ಹಂತ 2: ಒಂದಕ್ಕೊಂದು ಹೊಂದಿಸುವುದು

ಒಂದು ವಸ್ತುವಿಗೆ ಎದುರಾಗಿ ಇನ್ನೊಂದನ್ನು, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಇಡುವುದೇ ಒಂದಕ್ಕೊಂದು ಹೊಂದಾಣಿಕೆ. ಇದಕ್ಕೆ ಸಂಖ್ಯೆಯ ಹೆಸರೇ ಬೇಡ. ಊಟದ ಹೊತ್ತು ಇದಕ್ಕೆ ಹೇಳಿ ಮಾಡಿಸಿದ ಸಮಯ: ನಾಲ್ವರು ಮಕ್ಕಳನ್ನು ಕೂರಿಸಿ, ಒಬ್ಬ ಮಗುವಿನ ಕೈಗೆ ಚಮಚಗಳನ್ನು ಕೊಟ್ಟು ಪ್ರತಿ ತಟ್ಟೆಗೂ ಒಂದೊಂದು ಇಡಲು ಹೇಳಿ. ಕೆಲವು ದಿನಗಳ ನಂತರ ಬೇಕೆಂದೇ ಒಂದು ಚಮಚ ಕಡಿಮೆ ಕೊಡಿ. ‘ಯಾರಿಗೆ ಬಂದಿಲ್ಲ? ಇನ್ನೆಷ್ಟು ಬೇಕು, ಅಡುಗೆಮನೆಯಿಂದ ತಾ’ ಎಂದಾಗ ಮಗು ಒಂದನ್ನೇ ತರುತ್ತದೆಯೋ ಇಡೀ ಹಿಡಿಯನ್ನು ತರುತ್ತದೆಯೋ ಎಂಬುದನ್ನು ಗಮನಿಸಿ. ಬಾಗಿಲ ಹೊರಗಿನ ಚಪ್ಪಲಿಗಳನ್ನು ಜೋಡಿ ಮಾಡಿಸುವುದೂ ಇದೇ ಕೆಲಸವನ್ನು ಮಾಡುತ್ತದೆ.

ಈ ಹಂತದಲ್ಲಿ ಹೆಚ್ಚು ದಿನ ನಿಲ್ಲಬೇಕಾಗಿಲ್ಲ. ಇದನ್ನು ದಿನಚರಿಯಲ್ಲಿ ಸೇರಿಸಿಬಿಟ್ಟು ಮುಂದಿನದನ್ನು ಆರಂಭಿಸಬಹುದು.

ಹಂತ 3: ಎಣಿಸದೆ ಕಂಡುಹಿಡಿಯುವುದು

ಒಂದು, ಎರಡು, ಮೂರು ವಸ್ತುಗಳನ್ನು ನಾವು ಎಣಿಸುವುದಿಲ್ಲ. ನೋಡಿದೊಡನೆ ಇಷ್ಟು ಎಂದು ತಿಳಿಯುತ್ತದೆ. ಈ ಶಕ್ತಿ ಮೂರು ವರ್ಷದ ಮಕ್ಕಳಲ್ಲಿಯೂ ಇದೆ. ಸಂಖ್ಯೆಯ ಪದವನ್ನು ನಾವು ಅಂಟಿಸಬೇಕಾದದ್ದು ಈ ನೋಟಕ್ಕೆ. ಆದ್ದರಿಂದ ಆರಂಭದಲ್ಲೇ ಬೆರಳಿಟ್ಟು ಎಣಿಸಲು ಒತ್ತಾಯಿಸುವುದಕ್ಕಿಂತ ಈ ಆಟ ಮುಖ್ಯ.

ನೆಲದ ಮೇಲೆ ಎರಡು ಚೆಂಡು ಇಟ್ಟು ಮೊರದಿಂದ ಮುಚ್ಚಿ. ‘ಒಳಗೆ ಏನಿದೆ ನೋಡೋಣವೇ?’ ಎನ್ನುತ್ತಾ ಎರಡು ಸೆಕೆಂಡ್ ಮೊರ ಎತ್ತಿ, ಮತ್ತೆ ಮುಚ್ಚಿಬಿಡಿ. ಮಗುವಿನ ಬಳಿ ತನ್ನದೇ ಆದ ಚೆಂಡುಗಳ ರಾಶಿ ಇರಲಿ. ಮೊರದೊಳಗೆ ಇರುವಷ್ಟನ್ನೇ ತನ್ನ ಮುಂದೆ ಇಡಲಿ. ಮೊರ ತೆಗೆದು ಎರಡನ್ನೂ ಪಕ್ಕಪಕ್ಕ ನೋಡಿದರೆ ಸರಿಯೋ ತಪ್ಪೋ ಎಂಬುದು ಮಗುವಿಗೇ ಕಾಣುತ್ತದೆ, ನೀವು ತೀರ್ಪು ಹೇಳಬೇಕಾಗಿಲ್ಲ. ಬಾಯಲ್ಲಿ ಹೇಳಲಾಗದ ಮಗುವಿಗೆ ಬೆರಳು ತೋರಿಸಲು ಹೇಳಿ. ಪದ ತಪ್ಪು ಹೇಳುವ ಎಷ್ಟೋ ಮಕ್ಕಳು ಬೆರಳನ್ನು ಸರಿಯಾಗಿ ಮಡಿಸುತ್ತಾರೆ. ಯಾವ ಬೆರಳುಗಳು ಎಂಬುದು ಮುಖ್ಯವಲ್ಲ. ಎರಡು ಕೈಯಿಂದ ಒಂದೊಂದು ಬೆರಳು ತೋರಿಸಿದರೂ ಅದು ಎರಡೇ.

ವಸ್ತುಗಳ ಜೋಡಣೆಯನ್ನು ಪ್ರತಿಸಲ ಬದಲಾಯಿಸಿ. ಮೂರನ್ನು ಯಾವಾಗಲೂ ಒಲೆಯ ಮೂರು ಗುಂಡುಗಳ ಹಾಗೆ ಮೂಲೆಗೊಂದರಂತೆ ಇಟ್ಟರೆ ಮಗು ಆ ಆಕಾರಕ್ಕೆ ‘ಮೂರು’ ಎಂದು ಹೆಸರಿಟ್ಟುಕೊಳ್ಳುತ್ತದೆ, ಅವೇ ಮೂರನ್ನು ಸಾಲಾಗಿ ಇಟ್ಟಾಗ ಗೊಂದಲಕ್ಕೆ ಬೀಳುತ್ತದೆ.

ಹಂತ 4: ಮುಂದಿನ ಒಂದು ಸಂಖ್ಯೆಯನ್ನು ಗಟ್ಟಿ ಮಾಡುವುದು

ಇದು ಈ ಇಡೀ ಕ್ರಮದ ಮುಖ್ಯ ಭಾಗ, ವಾರಗಟ್ಟಲೆ ಸಮಯವೂ ಬೇಕು. ಟಿಪ್ಪಣಿಯಲ್ಲಿ 1 ಎಂದಿರುವವರಿಗೆ ‘ಎರಡು’, 2 ಎಂದಿರುವವರಿಗೆ ‘ಮೂರು’. ಮೊದಲಿನ ಉದಾಹರಣೆಯ ಹುಡುಗಿಯನ್ನೇ ಇಟ್ಟುಕೊಂಡು ಮೂರನ್ನು ಹೇಗೆ ಕೊಡುವುದು ಎಂದು ನೋಡೋಣ.

ಮೊದಲು ಹೆಸರು, ಆಮೇಲೆ ಎಣಿಕೆ. ಮೂರು ಚಮಚಗಳನ್ನು ಅವಳ ಮುಂದಿಟ್ಟು ‘ನೋಡು, ಮೂರು ಚಮಚ’ ಎಂದು ಒಟ್ಟನ್ನು ಮೊದಲೇ ಹೇಳಿ. ಒಡನೆಯೇ ಒಂದೊಂದನ್ನು ಮುಟ್ಟುತ್ತಾ ‘ಒಂದು, ಎರಡು, ಮೂರು’ ಎಂದು ಎಣಿಸಿ, ಕೊನೆಗೆ ಅಂಗೈಯನ್ನು ಮೂರರ ಮೇಲೂ ಸುತ್ತಾಡಿಸಿ ‘ಮೂರು ಚಮಚ’ ಎನ್ನಿ. ಹೆಸರು ಹೇಳುವುದೂ ಎಣಿಸುವುದೂ ಒಂದರ ಬೆನ್ನಿಗೆ ಒಂದು ಬರಬೇಕು. ಬರೀ ಎಣಿಸಿ ನಿಲ್ಲಿಸಿದರೆ ಮಗುವಿಗೆ ಅದು ಮೂರು ಪದಗಳ ಹಾಡು ಮಾತ್ರ. ಅದರಲ್ಲಿ ‘ಮೂರು’ ಎಂಬುದು ಕೊನೆಯ ಚಮಚದ ಹೆಸರೆಂದು ಭಾವಿಸುವ ಮಕ್ಕಳೂ ಇದ್ದಾರೆ. ಹಾಗೆ ಭಾವಿಸಿದೆಯೇ ಎಂದು ತಿಳಿಯಲು ‘ಮೂರು ತೋರಿಸು’ ಎನ್ನಿ: ಮಗು ಕೊನೆಯ ಚಮಚದ ಮೇಲೆ ಮಾತ್ರ ಬೆರಳಿಟ್ಟರೆ ಅಂಗೈ ಸುತ್ತಾಡಿಸುವುದನ್ನು ಹೆಚ್ಚಿಸಿ.

ಎರಡನೆಯದಾಗಿ, ವಸ್ತುಗಳು ಬದಲಾಗುತ್ತಿರಲಿ. ಇಂದು ಮೂರು ಚಮಚ, ನಾಳೆ ಮೂರು ನಿಂಬೆಹಣ್ಣು, ನಾಡಿದ್ದು ಮೂರು ಚಪ್ಪಾಳೆ, ಮೂರು ಜಿಗಿತ. ನೆಲದ ಮೇಲೆ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳಂತೆ ಮೂರು ಚೌಕ ಬರೆದು, ಜಿಗಿಯುವ ಮೊದಲು ‘ಮೂರು ಜಿಗಿತ’ ಎಂದು ಕೂಗಿ ಜಿಗಿಸಬಹುದು. ಒಂದೇ ವಸ್ತುವಿನಲ್ಲಿ ಕಲಿತ ಮೂರು ಅಲ್ಲಿಗೇ ಅಂಟಿಕೊಂಡಿರುತ್ತದೆ.

ಮೂರನೆಯದು ಹೆಚ್ಚಿನವರು ಬಿಟ್ಟುಬಿಡುವ ಭಾಗ: ಮೂರಲ್ಲದ್ದನ್ನೂ ತೋರಿಸಬೇಕು. ಒಂದು ತಟ್ಟೆಯಲ್ಲಿ ಮೂರು ಹಣ್ಣು, ಇನ್ನೊಂದರಲ್ಲಿ ನಾಲ್ಕು ಇಟ್ಟು ‘ಇದು ಮೂರು. ಇದು ಮೂರಲ್ಲ, ನಾಲ್ಕು’ ಎನ್ನಿ. ಆಮೇಲೆ ಗೊಂಬೆಗೆ ಮೂರೇ ಬೇಕು, ಯಾವ ತಟ್ಟೆ ಕೊಡೋಣ ಎಂದು ಕೇಳಿ. ಮೊದಲ ದಿನ ಮೂರಕ್ಕೆ ಎದುರು ಆರು ಇಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿರಲಿ. ನಂತರ ಐದು, ಕೊನೆಗೆ ನಾಲ್ಕು ಮತ್ತು ಎರಡು. ಇನ್ನೂ ಒಂದು ಎಚ್ಚರ: ಪ್ರತಿಸಲವೂ ಮೂರರ ತಟ್ಟೆ ನಿಮ್ಮ ಬಲಕ್ಕೇ ಇದ್ದರೆ ಮಗು ಬಲಗಡೆಯನ್ನು ಕಲಿಯುತ್ತದೆ.

ಮಗು ತಪ್ಪು ತಟ್ಟೆ ಕೊಟ್ಟಾಗ ‘ತಪ್ಪು’ ಎನ್ನದೆ, ‘ಗೊಂಬೆ ನಾಲ್ಕು ಬೇಡ ಎನ್ನುತ್ತಿದೆ, ಒಂದು ತೆಗೆದರೆ ಮೂರಾಗುತ್ತದೆ’ ಎಂದು ತಟ್ಟೆಯಿಂದ ಒಂದನ್ನು ತೆಗೆದು ತೋರಿಸಿ. ತಪ್ಪನ್ನು ಸರಿಪಡಿಸುವುದೇ ಇಲ್ಲಿ ಪಾಠವಾಗುತ್ತದೆ.

‘ಎಷ್ಟಿವೆ?’ ಎಂಬ ಪ್ರಶ್ನೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಗು ‘ಒಂದು, ಎರಡು, ಮೂರು’ ಎಂದು ಸರಿಯಾಗಿ ಎಣಿಸಿದ ಮೇಲೆ ನೀವು ‘ಎಷ್ಟಿವೆ?’ ಎಂದರೆ ಅದು ಮತ್ತೆ ಮೊದಲಿನಿಂದ ಎಣಿಸುತ್ತದೆ. ಮತ್ತೆ ಕೇಳಿದರೆ ಮತ್ತೆ ಎಣಿಸುತ್ತದೆ. ಆ ಮಗುವಿಗೆ ‘ಎಷ್ಟು’ ಎಂಬುದು ಎಣಿಸು ಎಂಬ ಆಜ್ಞೆ, ಅಷ್ಟೆ. ಮೂರನೆಯ ಸಲ ಕೇಳಿದರೆ ತಾನು ತಪ್ಪಿದೆ ಎಂದುಕೊಂಡು ‘ಐದು’ ಎಂದೇ ಹೇಳಿಬಿಡುತ್ತದೆ. ಇನ್ನು ಕೆಲವು ಮಕ್ಕಳು ಕೊನೆಯ ಪದವನ್ನು ಒಪ್ಪಿಸುವುದನ್ನು ರೂಢಿ ಮಾಡಿಕೊಂಡು ‘ಮೂರು’ ಎನ್ನುತ್ತಾರೆ, ಆದರೆ ಮೂರು ಕೊಡಲು ಬರುವುದಿಲ್ಲ. ಆದ್ದರಿಂದ ತಿಳಿದಿದೆಯೇ ಎಂದು ನೋಡಲು ‘ಎಷ್ಟು’ ಎಂದು ಕೇಳುವುದಕ್ಕಿಂತ ‘ಇಷ್ಟು ಕೊಡು’ ಎಂದು ಕೇಳುವುದು ನಂಬಲರ್ಹ.

ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ವಸ್ತುಗಳಿಗೆ ಒಂದು, ಎರಡು, ಮೂರು ಎನ್ನುವ ನಾವು ಜನರಿಗೆ ಒಬ್ಬರು, ಇಬ್ಬರು, ಮೂವರು ಎನ್ನುತ್ತೇವೆ. ‘ಎರಡು’ ಈಗಷ್ಟೇ ಕಲಿಯುತ್ತಿರುವ ಮಗುವಿಗೆ ‘ಇಬ್ಬರು’ ಹೊಸದೇ ಪದ. ಸಾಲಿನಲ್ಲಿ ನಿಂತ ಮಕ್ಕಳನ್ನು ಎಣಿಸುವ ಆಟವನ್ನು ವಸ್ತುಗಳಲ್ಲಿ ಸಂಖ್ಯೆ ನಿಂತ ಮೇಲೆ ಆರಂಭಿಸಿ.

ಹಂತ 5: ಡಬ್ಬಿ ಆಟ

ಮಗು ಎರಡನ್ನು ಬಲ್ಲದು ಎಂದಾದ ಮೇಲೆ ಇದನ್ನು ಶುರು ಮಾಡಬಹುದು. ತಗಡಿನ ಡಬ್ಬಿಯ ಒಳಗೆ ಕಾಣದಂತೆ ಅದನ್ನು ನಿಮ್ಮ ಕಡೆಗೆ ಓರೆ ಮಾಡಿ ಹಿಡಿಯಿರಿ. ಮಗು ನೋಡುತ್ತಿರುವಂತೆಯೇ ಒಂದು ಮರದ ತುಂಡನ್ನು ಹಾಕಿ, ಸದ್ದು ಕೇಳಲಿ, ಇನ್ನೊಂದನ್ನು ಹಾಕಿ. ಮಗು ತನ್ನ ರಾಶಿಯಿಂದ ಡಬ್ಬಿಯಲ್ಲಿರುವಷ್ಟೇ ತುಂಡುಗಳನ್ನು ಚಾಪೆಯ ಮೇಲೆ ಇಡಬೇಕು. ಡಬ್ಬಿಯನ್ನು ಬೋರಲು ಹಾಕಿ ಹೋಲಿಸಿ. ಇದು ಬಂದ ಮೇಲೆ ಎರಡರಿಂದ ಒಂದು ತೆಗೆಯಿರಿ, ಎರಡಕ್ಕೆ ಒಂದು ಸೇರಿಸಿ. ಒಟ್ಟು ಮೂರನ್ನು ದಾಟಬೇಡಿ. ಕಣ್ಣಮುಂದೆ ನಡೆಯುವ ಇಷ್ಟು ಸಣ್ಣ ಕೂಡುವಿಕೆ, ಕಳೆಯುವಿಕೆಯನ್ನು ಈ ವಯಸ್ಸಿನ ಅನೇಕ ಮಕ್ಕಳು ಮಾಡಬಲ್ಲರು. ಆದರೆ ಅದನ್ನೇ ‘ಎರಡಕ್ಕೆ ಒಂದು ಕೂಡಿಸಿದರೆ ಎಷ್ಟು?’ ಎಂದು ಬಾಯಲ್ಲಿ ಕೇಳಿದರೆ ಸುಮ್ಮನಾಗುತ್ತಾರೆ, ಹಾಗೆ ಕೇಳುವ ಅಗತ್ಯವೂ ಇಲ್ಲ.

ಹಂತ 6: ಮತ್ತೆ ನೋಡುವುದು, ನಾಲ್ಕು ಐದಕ್ಕೆ ಹೋಗುವುದು

ನಾಲ್ಕು ವಾರಗಳಿಗೊಮ್ಮೆ ಹಂತ 1ರ ಆಟವನ್ನು ಬೇರೆ ವಸ್ತುವಿನಿಂದ ಆಡಿಸಿ, ಅಂಕಿ ಬದಲಾಗಿದೆಯೇ ನೋಡಿ. ಬದಲಾಗದಿದ್ದರೆ ಗಾಬರಿಯಾಗಬೇಡಿ, ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೋಗಲು ಹಲವು ತಿಂಗಳು ಬೇಕಾಗುವುದು ಸಹಜ, ಮೂರೂವರೆ ನಾಲ್ಕು ವರ್ಷದ ಸುಮಾರಿಗೆ ಅನೇಕರಿಗೆ ಎಣಿಕೆಯ ತತ್ವ ದಕ್ಕುತ್ತದೆ. ನಾಲ್ಕು ವರ್ಷ ತುಂಬಿದರೂ ‘ಒಂದು ಕೊಡು’ ಎಂಬುದೇ ತಿಳಿಯದ ಮಗುವಿದ್ದರೆ ಸಂಖ್ಯೆಯನ್ನು ಬದಿಗಿಟ್ಟು, ಕೇಳಿಸಿಕೊಳ್ಳುವುದರಲ್ಲಿ ಅಥವಾ ಮಾತನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ತೊಂದರೆಯಿದೆಯೇ ಎಂದು ಆರೋಗ್ಯ ತಪಾಸಣೆಗೆ ಬರುವ ವೈದ್ಯರ ಗಮನಕ್ಕೆ ತನ್ನಿ.

ಮೂರನ್ನು ತಪ್ಪದೆ ಕೊಡುವ ಮಗುವಿನ ಜೊತೆ ಅಂಗಡಿ ಆಟ ಆಡಿ: ಮಗು ಅಂಗಡಿಯವಳು, ನೀವು ಗಿರಾಕಿ, ‘ನಾಲ್ಕು ನಿಂಬೆಹಣ್ಣು ಕೊಡಿ’. ನಾಲ್ಕು ಐದನ್ನು ಹೆಚ್ಚಿನ ಮಕ್ಕಳು ಒಂದೇ ನೋಟಕ್ಕೆ ಹಿಡಿಯಲಾರರು, ಎಣಿಸಿ ಕೊಡಲೇಬೇಕು; ಎಣಿಕೆಗೆ ನಿಜವಾದ ಕೆಲಸ ಬರುವುದು ಇಲ್ಲಿಂದ. ಎಣಿಸುವಾಗ ಒಂದನ್ನು ಎರಡು ಸಲ ಮುಟ್ಟುವುದು, ಒಂದನ್ನು ಬಿಟ್ಟುಬಿಡುವುದು ಸಾಮಾನ್ಯ. ಮುಟ್ಟಿ ಎಣಿಸುವುದರ ಬದಲು ಒಂದೊಂದನ್ನೇ ಎತ್ತಿ ಬುಟ್ಟಿಯಿಂದ ತಟ್ಟೆಗೆ ಸಾಗಿಸುತ್ತಾ ಎಣಿಸಲು ತೋರಿಸಿದರೆ ಈ ತಪ್ಪು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ನಾಲ್ಕು ಕೇಳಿದಾಗ ಬಾಚಿ ಕೊಡುವುದನ್ನು ಬಿಟ್ಟು, ತಾನಾಗಿಯೇ ಎಣಿಸಿ, ನಾಲ್ಕು ಎಂದೊಡನೆ ಕೈ ನಿಲ್ಲಿಸಿದ ಮಗುವಿಗೆ ಆರು, ಏಳು ಕೇಳಿ ನೋಡಿ; ನೀವು ಆ ಸಂಖ್ಯೆಗಳನ್ನು ಪ್ರತ್ಯೇಕವಾಗಿ ಕಲಿಸದಿದ್ದರೂ ಅದು ಕೊಡುತ್ತದೆ. ಅಲ್ಲಿಗೆ ಟಿಪ್ಪಣಿ ಪುಸ್ತಕದಲ್ಲಿ ಆ ಮಗುವಿನ ಸಾಲನ್ನು ಮುಗಿಸಬಹುದು.

ಅಂಕಿ ಬರೆಸುವ ವಿಚಾರ: ಪೋಷಕರು ಕೇಳುತ್ತಾರೆ, ಒತ್ತಡವೂ ಇರುತ್ತದೆ. 3 ಎಂಬ ಗುರುತನ್ನು ಬರೆಯುವುದು ಕೈಯ ಹಿಡಿತದ ಕೆಲಸ, ಅದು ಮೂರರ ಅರಿವನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಪೋಷಕರ ಸಭೆಯಲ್ಲಿ ಇದನ್ನು ವಾದಿಸುವ ಬದಲು ಬುಟ್ಟಿಯನ್ನು ಅವರ ಮುಂದಿಟ್ಟು, ಹತ್ತರವರೆಗೆ ಹೇಳಬಲ್ಲ ತಮ್ಮದೇ ಮಗುವಿನಿಂದ ಮೂರು ನಿಂಬೆಹಣ್ಣು ಕೇಳಿ ಪಡೆಯಲು ಹೇಳಿ.